ಒಂದು ಹೌಸಿಂಗ್, ಎರಡು ಬೋರು, ಎರಡು ಲೆಕ್ಕ

ಗಜೇಂದ್ರಗಡದ ಗುಡ್ಡದ ಮೇಲೆ ತಿರುಗುವ ಗಾಳಿಯಂತ್ರಗಳನ್ನು ನೀವು ನೋಡಿದ್ದೀರಿ. ನರಗುಂದದ ಕಡೆಯ ಹೊಲಗಳಲ್ಲಿ ನೀರೆತ್ತುವ ಪಂಪುಗಳೂ ನಿಮಗೆ ಗೊತ್ತು. ಗಾತ್ರದಲ್ಲಿ ಇವೆರಡಕ್ಕೂ ಹೋಲಿಕೆ ಇಲ್ಲ. ಆದರೆ ಎರಡರ ಒಳಗೂ ಒಂದು ಶಾಫ್ಟು ಬೇರಿಂಗುಗಳ ಮೇಲೆ ಕೂತು ತಿರುಗುತ್ತದೆ, ಆ ಬೇರಿಂಗುಗಳು ಎರಕದ ಹೌಸಿಂಗಿನಲ್ಲಿ ಕೊರೆದ ದುಂಡನೆಯ ಬೋರುಗಳಲ್ಲಿ ಕೂರುತ್ತವೆ. ಎರಡು ಬೋರುಗಳ ನಡುಗೆರೆ ಒಂದೇ ಆಗಿರಬೇಕು. ಪೂರಾ ಒಂದೇ ಆಗುವುದು ಯಾರ ಕೈಯಲ್ಲೂ ಸಾಧ್ಯವಿಲ್ಲ. ಹಾಗಾಗಿ ಎಷ್ಟು ತಪ್ಪಬಹುದು ಎಂಬ ಮಿತಿಯನ್ನು ಡ್ರಾಯಿಂಗಿನಲ್ಲಿ ಬರೆದಿರುತ್ತಾರೆ. ಆ ಮಿತಿಯನ್ನು ಓದುವುದರಲ್ಲಿ ಆದ ಒಂದು ತಕರಾರಿನ ಬಗ್ಗೆ ಇಂದು ಹೇಳುತ್ತೇನೆ.

ರೋಣದ ಒಂದು ಲೇತ್ ಅಂಗಡಿಯಲ್ಲಿ ಪಂಪಿನ ಬೇರಿಂಗ್ ಹೌಸಿಂಗ್ ತಯಾರಾಗಿತ್ತು. ಒಂದು ಬದಿಯಲ್ಲಿ 30 ಮಿಲಿಮೀಟರ್ ದಪ್ಪದ ಗೋಡೆ, ಅದರಲ್ಲಿ ಒಂದು ಬೋರು. ಅಲ್ಲಿಂದ 200 ಮಿಲಿಮೀಟರ್ ಆಚೆ ಅಷ್ಟೇ ದಪ್ಪದ ಇನ್ನೊಂದು ಗೋಡೆ, ಅದರಲ್ಲಿ ಎರಡನೆಯ ಬೋರು. ಮೊದಲನೆಯದೇ ಆಧಾರ, ಎರಡನೆಯದು ಅದಕ್ಕೆ ಏಕಾಕ್ಷವಾಗಿರಬೇಕು, ಮಿತಿ 50 ಮೈಕ್ರಾನ್ ಎಂದು ಡ್ರಾಯಿಂಗ್ ಹೇಳುತ್ತಿತ್ತು. ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್. ಮಿತಿಯ ಅಂಕಿಯ ಮುಂದೆ ಒಂದು ಚಿಹ್ನೆ ಇತ್ತು: ಸೊನ್ನೆಯ ಮೇಲೆ ಓರೆಗೆರೆ ಎಳೆದಂಥದು, ವ್ಯಾಸದ ಗುರುತು. ತಕರಾರಿನ ಬೇರು ಅಲ್ಲೇ ಇತ್ತು.

ಹುಬ್ಬಳ್ಳಿಯಲ್ಲಿ ಸಿಎಂಎಂ, ಅಂದರೆ ಮೂರು ದಿಕ್ಕಿನಲ್ಲೂ ಅಳೆಯುವ ಯಂತ್ರದ ಮೇಲೆ ಹೌಸಿಂಗನ್ನು ಅಳೆಸಿ ತಂದಿದ್ದರು. ಆ ಯಂತ್ರ ಬೋರಿನ ಗೋಡೆಯನ್ನು ಸುತ್ತಲೂ ಹಲವು ಕಡೆ ಮುಟ್ಟಿ, ಆ ಬಿಂದುಗಳಿಗೆ ಹೊಂದುವ ವೃತ್ತ ಹಾಕಿ, ಅದರ ಕೇಂದ್ರ ಎಲ್ಲಿದೆ ಎಂದು ಹೇಳುತ್ತದೆ. ಮೊದಲ ಬೋರಿನ ನಡುಗೆರೆಯನ್ನು ಸೊನ್ನೆ ಎಂದು ಹಿಡಿದರೆ, ಎರಡನೆಯ ಬೋರಿನ ಹಿಂದಿನ ಅಂಚಿನಲ್ಲಿ ಕೇಂದ್ರ ಅಡ್ಡಕ್ಕೆ 18 ಮೈಕ್ರಾನ್, ಉದ್ದಕ್ಕೆ 24 ಮೈಕ್ರಾನ್ ಸರಿದಿತ್ತು. ಎರಡೂ ಅಂಕಿ ಮಿತಿಯ ಅರ್ಧವಾದ 25ರ ಒಳಗೇ ಇವೆ, ಹಾಗಾಗಿ ಮಾಲು ಪಾಸು ಎಂದು ಒಬ್ಬರು ಹೇಳಿದರು. ಆದರೆ ಕೇಂದ್ರ ಅಡ್ಡಕ್ಕೂ ಉದ್ದಕ್ಕೂ ಒಟ್ಟಿಗೇ ಸರಿದಿದೆ, ಆದ್ದರಿಂದ ಓರೆಯಾಗಿ ಎಷ್ಟು ದೂರ ಹೋಗಿದೆ ಎಂದು ನೋಡಬೇಕು. 18ರ ವರ್ಗ 324, 24ರ ವರ್ಗ 576, ಕೂಡಿದರೆ 900, ಅದರ ವರ್ಗಮೂಲ 30. ಶಾಲೆಯಲ್ಲಿ ಕಲಿತ ಲಂಬಕೋನ ತ್ರಿಭುಜದ ಲೆಕ್ಕವೇ ಇದು. ಸರಿದದ್ದು 30 ಮೈಕ್ರಾನ್, ಮಿತಿ 50, ಹಾಗಾದರೂ ಪಾಸೇ ಅಲ್ಲವೇ ಎಂದರು ಇನ್ನೊಬ್ಬರು.

ಲೇತಿನ ಹಿರಿಯ ಮಿಸ್ತ್ರಿ ಒಪ್ಪಲಿಲ್ಲ. ಅವರು ಹೌಸಿಂಗನ್ನು ಲೇತಿಗೆ ಕಟ್ಟಿ, ಮೊದಲ ಬೋರಿನ ಎರಡೂ ತುದಿಯಲ್ಲಿ ಡಯಲ್ ಗೇಜಿನ ಮುಳ್ಳು ಅಲ್ಲಾಡದಂತೆ ಕೂಡಿಸಿ, ಆಮೇಲೆ ಡಯಲನ್ನು ಎರಡನೆಯ ಬೋರಿನ ಹಿಂದಿನ ಅಂಚಿಗೆ ಹಚ್ಚಿ ಸ್ಪಿಂಡಲನ್ನು ಕೈಯಿಂದ ಒಂದು ಸುತ್ತು ತಿರುಗಿಸಿದರು.

“ತಮ್ಮಾ, ನಿಮ್ಮ ಕಾಗದ 30 ಅಂತದ. ನನ್ನ ಮುಳ್ಳು 60 ಓಡತದ. ಯಾವುದು ಖರೆ?”

“ಕಾಕಾ, ಎರಡೂ ಖರೆ ಅವ,” ಎಂದೆ. ಕೇಂದ್ರ 30 ಸರಿದ ಬೋರು ಸುತ್ತುವಾಗ ಅದರ ಗೋಡೆ ಒಂದು ಕಡೆ ಡಯಲಿನ ಹತ್ತಿರಕ್ಕೆ 30 ಬರುತ್ತದೆ, ಅರ್ಧ ಸುತ್ತಿನ ಮೇಲೆ 30 ದೂರ ಹೋಗುತ್ತದೆ. ಮುಳ್ಳಿನ ಒಟ್ಟು ಓಡಾಟ 60. ಡ್ರಾಯಿಂಗಿನ 50 ಹೇಳುವುದೂ ಇಂಥದೇ ಅಳತೆ. ಆಧಾರದ ನಡುಗೆರೆಯ ಸುತ್ತ 50 ಮೈಕ್ರಾನ್ ವ್ಯಾಸದ ಒಂದು ಕೊಳವೆಯನ್ನು ಕಲ್ಪಿಸಿಕೊಳ್ಳಿ. ಎರಡನೆಯ ಬೋರಿನ ನಡುಗೆರೆ ಅದರೊಳಗೇ ಇರಬೇಕು. ಕೊಳವೆಯ ಮಧ್ಯದಿಂದ ಗೋಡೆಗೆ ಇರುವುದು 25 ಮಾತ್ರ. ಆದ್ದರಿಂದ ಕೇಂದ್ರದ ಅಂಕಿಗಳಿಂದ ಲೆಕ್ಕ ಮಾಡುವವರು ಸರಿದ ದೂರವನ್ನು ಎರಡು ಪಟ್ಟು ಮಾಡಿಯೇ ಮಿತಿಯ ಜೊತೆ ಹೋಲಿಸಬೇಕು:

2 × √(x² + y²)

ನಮ್ಮ ಹೌಸಿಂಗಿನಲ್ಲಿ ಅದು 60. ಮಿತಿ 50. ಹೌಸಿಂಗ್ ಫೇಲು. ಡಯಲ್ ಹಿಡಿದವರಿಗೆ ಈ ದುಪ್ಪಟ್ಟು ತಾನಾಗಿಯೇ ಸಿಗುತ್ತದೆ. ಆದರೆ ಬೋರು ಪೂರಾ ದುಂಡಗಿಲ್ಲದಿದ್ದರೆ ಆ ವಕ್ರವೂ ಮುಳ್ಳಿನ ಓಡಾಟದಲ್ಲಿ ಸೇರಿಕೊಳ್ಳುತ್ತದೆ ಎಂಬುದು ನೆನಪಿರಬೇಕು.

ಇಲ್ಲಿ ಇನ್ನೊಂದು ಪ್ರಶ್ನೆ ಬಂತು. ಹಿಂದಿನ ಅಂಚನ್ನೇ ಏಕೆ ಹಿಡಿಯಬೇಕು, ಬೋರಿನ ನಡುಮಧ್ಯ ಒಂದು ವೃತ್ತ ಅಳೆದರೆ ಸಾಲದೇ? ಅಳೆದು ನೋಡಿದರೆ ನಡುವಿನಲ್ಲಿ ಅಡ್ಡಕ್ಕೆ 13.5, ಉದ್ದಕ್ಕೆ 18 ಇತ್ತು. ಓರೆ ದೂರ 22.5, ದುಪ್ಪಟ್ಟು 45. ಪಾಸು! ಮುಂದಿನ ಅಂಚಿನಲ್ಲಿ 9 ಮತ್ತು 12, ಓರೆ ದೂರ 15, ದುಪ್ಪಟ್ಟು 30. ಒಂದೇ ಬೋರು ಮೂರು ಕಡೆ ಮೂರು ಮಾತು ಹೇಳಿತು. ಡ್ರಾಯಿಂಗ್ ಕೇಳುವುದು ಒಂದು ಬಿಂದುವನ್ನಲ್ಲ, ಬೋರಿನ ಉದ್ದಕ್ಕೂ ಹಾದ ಗೆರೆಯನ್ನು. ಕನಿಷ್ಠ ಎರಡೂ ತುದಿಯಲ್ಲಿ ವೃತ್ತ ಅಳೆದು, ಹೆಚ್ಚು ಸರಿದ ತುದಿಯ ಅಂಕಿಯನ್ನೇ ಹಿಡಿಯಬೇಕು.

ಮಾಲನ್ನು ಫೇಲು ಮಾಡುವ ಮುಂಚೆ ಆಧಾರವನ್ನೂ ಅನುಮಾನಿಸಬೇಕು. ಮೊದಲ ಬೋರಿನ ಗೋಡೆ 30 ಮಿಲಿಮೀಟರ್ ಅಷ್ಟೇ. ಅದರಲ್ಲಿ ಎರಡು ವೃತ್ತ ಅಳೆದರೆ ಅವುಗಳ ನಡುವಿನ ಅಂತರ 20 ಮಿಲಿಮೀಟರ್. ಆ ಚಿಕ್ಕ ಗೆರೆಯನ್ನು 200 ಮಿಲಿಮೀಟರ್ ಆಚೆಗೆ ಎಳೆಯುತ್ತೇವೆ, ಅಂದರೆ ಹತ್ತು ಪಟ್ಟು. ಒಂದು ವೃತ್ತದ ಕೇಂದ್ರದಲ್ಲಿ ಎರಡೇ ಮೈಕ್ರಾನ್ ತಪ್ಪಿದರೂ ಆ ದೂರದಲ್ಲಿ ಅದು 20 ಆಗುತ್ತದೆ, ದುಪ್ಪಟ್ಟು ಮಾಡಿದರೆ 40. ಬೋರಿನಲ್ಲಿ ಒಂದು ಎಣ್ಣೆಯ ಹನಿ, ಒಂದು ಧೂಳಿನ ಕಣ ಸಾಕು, ಒಳ್ಳೆಯ ಮಾಲು ಕೆಟ್ಟದ್ದಾಗಿ ಕಾಣುತ್ತದೆ. ಇದನ್ನು ತಿಳಿಯಲು ಒಂದು ದಾರಿ ಇದೆ: ಹೌಸಿಂಗನ್ನು ಬಿಚ್ಚಿ, ಒರೆಸಿ, ಮತ್ತೆ ಕಟ್ಟಿ, ಮೊದಲ ಬೋರಿನಲ್ಲಿ ಹೆಚ್ಚು ಬಿಂದು ಮುಟ್ಟಿಸಿ ಮತ್ತೊಮ್ಮೆ ಅಳೆಯುವುದು. ಅಂಕಿ ಪ್ರತಿ ಸಲ ಜಿಗಿದರೆ ತಪ್ಪು ಅಳತೆಯಲ್ಲಿದೆ. ಎರಡು ಬೋರುಗಳಿಗೂ ಸೇರಿಸಿ ಒಂದೇ ನಡುಗೆರೆ ಹಾಕಿಕೊಂಡರೆ ಈ ತೊಂದರೆ ಬಹಳ ಮಟ್ಟಿಗೆ ಹೋಗುತ್ತದೆ, ಶಾಫ್ಟು ಕೂರುವುದೂ ಎರಡರ ಮೇಲೆಯೇ. ಆದರೆ ಅದನ್ನು ಡ್ರಾಯಿಂಗ್ ಬರೆದವರು ಹೇಳಬೇಕು, ಅಳೆಯುವವರು ತಾವೇ ಬದಲಿಸಿಕೊಳ್ಳುವ ಹಾಗಿಲ್ಲ.

ನಮ್ಮ ಹೌಸಿಂಗಿನಲ್ಲಿ ಎರಡನೆಯ ಸಲವೂ ಅವೇ ಅಂಕಿ ಬಂದವು. ಆಗ ನಾನು ಅಂಕಿಗಳನ್ನು ಸಾಲಾಗಿ ಬರೆದು ಮಿಸ್ತ್ರಿ ಕಾಕಾಗೆ ತೋರಿಸಿದೆ. 9 ಮತ್ತು 12, 13.5 ಮತ್ತು 18, 18 ಮತ್ತು 24. ಮೂರೂ ಕಡೆ ಒಂದೇ ದಿಕ್ಕು, ದೂರ ಮಾತ್ರ ಸಮನಾಗಿ ಬೆಳೆಯುತ್ತ ಹೋಗಿದೆ. ಬೋರು ಬರೀ ಪಕ್ಕಕ್ಕೆ ಸರಿದಿದ್ದರೆ ಮೂರೂ ಕಡೆ ಅಂಕಿ ಒಂದೇ ಇರಬೇಕಿತ್ತು. ಇದು ವಾಲಿದೆ. 30 ಮಿಲಿಮೀಟರಿಗೆ 15 ಮೈಕ್ರಾನ್ ವಾಲಿದೆ ಎಂದರೆ, ಹೌಸಿಂಗ್ ಕೂರುವ 200 ಮಿಲಿಮೀಟರ್ ಅಗಲದ ತಳದ ಮೇಲೆ ಆ ಲೆಕ್ಕ 100 ಮೈಕ್ರಾನ್, ಮಿಲಿಮೀಟರಿನ ಹತ್ತರಲ್ಲಿ ಒಂದು ಪಾಲು.

ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಮೊದಲ ಬೋರು ಕೊರೆದ ಮೇಲೆ ಹೌಸಿಂಗನ್ನು ಮಗುಚಿ ಕಟ್ಟಿ ಎರಡನೆಯದನ್ನು ಕೊರೆದಿದ್ದರು. ಹೌಸಿಂಗನ್ನು ಎತ್ತಿ, ಅದು ಕೂತಿದ್ದ ಫೇಸ್‌ಪ್ಲೇಟಿನ ಮೇಲೆ ಬೆರಳು ಸವರಿದರು. ಒಂದು ಬದಿಗೆ ಉಗುರಿನ ಚೂರಿನಂಥ ಕಬ್ಬಿಣದ ಹೊಟ್ಟು ಅಂಟಿಕೊಂಡಿತ್ತು. ಮೈಕ್ರೋಮೀಟರಿನಲ್ಲಿ ಅದರ ದಪ್ಪ 0.1 ಮಿಲಿಮೀಟರ್ ಬಂತು. ಬಟ್ಟೆಯಿಂದ ಒರೆಸಿ, ಮತ್ತೊಮ್ಮೆ ಬೆರಳು ಸವರಿ, ಮುಂದಿನ ಹೌಸಿಂಗನ್ನು ಕಟ್ಟಿದರು. ಸಂಜೆ ಅದರ ಹಿಂದಿನ ಅಂಚಿಗೆ ಡಯಲ್ ಹಚ್ಚಿದಾಗ ಮುಳ್ಳು 14 ಓಡಿತು.