ಹೆಸರಿನೊಳಗಿನ ಗುಣ
(ಕಮ್ಮರಡಿಯ ಶರಣ ಚಿಂತನ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

ನಾನು ಸಾಹಿತ್ಯ ಓದಿ ಬಂದವನಲ್ಲ. ಸರ್ಕಾರದ ಎಂಜಿನಿಯರಾಗಿ ರಸ್ತೆ, ಮೋರಿ, ಸೇತುವೆಗಳ ಕೆಲಸ ಮಾಡಿ ನಿವೃತ್ತನಾದವನು. ಹೆಸರುಗಳ ವಿಚಾರ ತಲೆಗೆ ಹತ್ತಿದ್ದು ನಮ್ಮ ಮನೆಯಲ್ಲೇ ನಡೆದ ಒಂದು ಚರ್ಚೆಯಿಂದ. ಮೊಮ್ಮಗಳಿಗೆ ಲಿಂಗಧಾರಣೆ ಮಾಡಿಸಿ ಹೆಸರಿಡುವ ದಿನ ಗೊತ್ತಾಯಿತು. ಸೊಸೆ 'ಸನ್ಮತಿ' ಎಂಬ ಹೆಸರು ಆರಿಸಿದಳು. ನಮ್ಮ ಭಾವನವರು ಕೂಡಲೇ, "ಅದು ಜೈನರ ಹೆಸರಲ್ಲವೇನಯ್ಯಾ? ನಮ್ಮ ಮನೆಗೆ ಯಾಕೆ?" ಎಂದರು.

ಅವರು ಹೇಳಿದ್ದು ಸುಳ್ಳಲ್ಲ. ಸನ್ಮತಿ ಎಂಬುದು ವರ್ಧಮಾನ ಮಹಾವೀರರ ಇನ್ನೊಂದು ಹೆಸರು. ಒಳ್ಳೆಯ ಬುದ್ಧಿ ಎಂದು ಅದರ ಅರ್ಥ. ನಾನು, "ಭಾವ, ನಿಮ್ಮ ಹೆಸರು ಬಸವರಾಜ. ಅದು ಯಾವ ಮಾತಿನಿಂದ ಬಂತು, ನೋಡೋಣ" ಎಂದೆ.

ಸಂಸ್ಕೃತದ ಶಬ್ದ ಕನ್ನಡದ ಬಾಯಿಗೆ ಬಂದಾಗ ಒಂದು ಕ್ರಮದಲ್ಲಿ ಬದಲಾಗುತ್ತದೆ. ಮೊದಲಿನ ವಕಾರ ಬಕಾರವಾಗುತ್ತದೆ, ಷಕಾರ ಸಕಾರವಾಗುತ್ತದೆ, ಭಕಾರ ಸಡಿಲಗೊಂಡು ವಕಾರವಾಗುತ್ತದೆ. ಹೀಗೆ 'ವೃಷಭ' ನಮ್ಮ ಬಾಯಲ್ಲಿ 'ಬಸವ'ನಾಯಿತು. 'ವಸತಿ' 'ಬಸದಿ'ಯಾದದ್ದೂ ಇದೇ ದಾರಿಯಲ್ಲಿ. ಜೈನರ ಮೊದಲ ತೀರ್ಥಂಕರರ ಹೆಸರು ವೃಷಭನಾಥ, ಅವರ ಲಾಂಛನ ಎತ್ತು. ನರಸಿಂಹರಾಜಪುರದ ಸಿಂಹನಗದ್ದೆ ಬಸದಿಗೆ ನಡೆದುಕೊಳ್ಳುವ ಮನೆಯೊಂದರಲ್ಲಿ ಮಗುವಿಗೆ ವೃಷಭರಾಜ ಎಂದು ಹೆಸರಿಟ್ಟರೆ, ನಮ್ಮ ಮನೆಯಲ್ಲಿ ಬಸವರಾಜ ಎಂದು ಇಡುತ್ತೇವೆ. ಶಬ್ದ ಒಂದೇ.

ಆದರೆ ಇಲ್ಲಿ ಹದ ತಪ್ಪಬಾರದು. ಶಬ್ದ ಒಂದೇ ಎಂದಮಾತ್ರಕ್ಕೆ ಬಸವಣ್ಣನವರ ಹೆಸರು ಜೈನರಿಂದ ಬಂತು ಎಂದಾಗುವುದಿಲ್ಲ. ನಮ್ಮಲ್ಲಿ ಅದು ನಂದಿಯ ಹೆಸರು. ನನ್ನ ಮನಸ್ಸು ಹಿಡಿದದ್ದು ಗುಣದ ಮಾತು. ಜನರಿಗೆ ಬದುಕುವ ದಾರಿಯಾಗಿ ಆರು ವೃತ್ತಿಗಳನ್ನು ಕಲಿಸಿದವನು ವೃಷಭನಾಥ ಎಂದು ಜೈನ ಪುರಾಣ ಹೇಳುತ್ತದೆ: ಅಸಿ, ಮಷಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ. ಅಸಿ ಎಂದರೆ ಕತ್ತಿ, ಮಷಿ ಎಂದರೆ ಬರಹದ ಶಾಯಿ. ಕಾಯಕದ ಮಾತು ಕೇಳಿ ಬೆಳೆದ ನಮಗೆ ಇದು ಪರಕೀಯವೆನಿಸದು. ನೊಗಕ್ಕೆ ಹೆಗಲು ಕೊಡುವ ಪ್ರಾಣಿಯ ಹೆಸರನ್ನು ಎರಡೂ ಕಡೆಯವರು ದೊಡ್ಡದೆಂದು ಇಟ್ಟುಕೊಂಡಿದ್ದಾರೆ.

ಮಲೆನಾಡಿನ ಜೈನರಲ್ಲಿ ಮತ್ತೆ ಮತ್ತೆ ಕೇಳುವ ಇನ್ನೊಂದು ಹೆಸರು ಧರಣೇಂದ್ರ. ಊರಿನ ಬಾಯಲ್ಲಿ ಧರಣಪ್ಪ, ಧರಣೇಂದ್ರಯ್ಯ. ಹೆಣ್ಣುಮಕ್ಕಳಲ್ಲಿ ಪದ್ಮಾವತಿ. ಪದ್ಮಾವತಿ ಎಂದಕೂಡಲೇ ನಮ್ಮವರಿಗೆ ತಿರುಪತಿ ನೆನಪಾಗುತ್ತದೆ. ಹಾಗಾಗಿ ಆ ಹೆಸರೊಂದನ್ನೇ ಕೇಳಿ ಮನೆತನ ಹೇಳಲಾಗದು. ಅಣ್ಣ ಧರಣೇಂದ್ರ, ತಂಗಿ ಪದ್ಮಾವತಿ ಎಂದಿದ್ದರೆ ಮಾತ್ರ ಅದು ಹೊಂಬುಜದ ಪದ್ಮಾವತಿ ಎಂದು ಬಹುಮಟ್ಟಿಗೆ ನಂಬಬಹುದು.

ಅವರ ಕಥೆ ಹೀಗೆ. ರಾಜಕುಮಾರ ಪಾರ್ಶ್ವನು ತಾಪಸನೊಬ್ಬನ ಬೆಂಕಿಯಲ್ಲಿ ಉರಿಯುತ್ತಿದ್ದ ಕೊರಡಿನೊಳಗೆ ಜೋಡಿ ಹಾವುಗಳಿರುವುದನ್ನು ಅರಿತು, ಕೊರಡನ್ನು ಸೀಳಿಸಿದ. ಸಾಯುತ್ತಿದ್ದ ಆ ಹಾವುಗಳಿಗೆ ಮಂತ್ರ ಹೇಳಿ ನೆಮ್ಮದಿ ಕೊಟ್ಟ. ಅವೇ ಮುಂದೆ ಧರಣೇಂದ್ರ, ಪದ್ಮಾವತಿಯರಾಗಿ ಹುಟ್ಟಿದವು. ತಪಸ್ಸಿಗೆ ನಿಂತ ಪಾರ್ಶ್ವನ ಮೇಲೆ ಹಳೆಯ ವೈರಿ ಬಿರುಮಳೆ ಸುರಿಸಿದಾಗ ಹೆಡೆ ಬಿಚ್ಚಿ ಕಾಪಾಡಿದವರು ಇವರು. ಮಾಡಿದ ಉಪಕಾರ ಮರೆಯದಿರುವುದೇ ಆ ಹೆಸರಿನೊಳಗಿನ ಗುಣ.

ಹೆಸರಿಡುವುದರಲ್ಲೇ ಕೃತಜ್ಞತೆ ತೋರಿಸಿದವನು ಕವಿ ರನ್ನ. ಮುಧೋಳದ ಬಳೆಗಾರರ ಮನೆಯ ಹುಡುಗ. ಅವನಿಗೆ ಆಸರೆಯಾದವರು ಚಾವುಂಡರಾಯ ಮತ್ತು ದಾನಚಿಂತಾಮಣಿ ಅತ್ತಿಮಬ್ಬೆ. ಆ ತಾಯಿ ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದವಳು. ರನ್ನನಿಂದ 993ರಲ್ಲಿ ಅಜಿತಪುರಾಣ ಬರೆಸಿದವಳೂ ಅವಳೇ. ರನ್ನ ತನ್ನ ಮಗನಿಗೆ ರಾಯ ಎಂದೂ, ಮಗಳಿಗೆ ಅತ್ತಿಮಬ್ಬೆ ಎಂದೂ ಹೆಸರಿಟ್ಟ. ಉಪಕಾರ ಮಾಡಿದವರನ್ನು ಅವನು ದಿನವೂ ತನ್ನ ಮನೆಯಂಗಳದಲ್ಲೇ ಕೂಗಿ ಕರೆಯುವಂತಾಯಿತು.

ಇನ್ನು ಕೆಲವು ಹೆಸರುಗಳಿಗೆ ಕಥೆಯೇ ಬೇಕಿಲ್ಲ, ಗುಣವೇ ಹೆಸರಾಗಿರುತ್ತದೆ. ಜೈನರ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ನಾಲ್ಕು ಭಾವನೆಗಳನ್ನು ಹೇಳುತ್ತದೆ. ಎಲ್ಲ ಜೀವಿಗಳಲ್ಲಿ ಮೈತ್ರಿ, ತನಗಿಂತ ಗುಣದಲ್ಲಿ ಹೆಚ್ಚಿನವರನ್ನು ಕಂಡಾಗ ಪ್ರಮೋದ, ನೊಂದವರಲ್ಲಿ ಕಾರುಣ್ಯ, ಹೇಳಿದ ಮಾತು ಕೇಳದವರಲ್ಲಿ ಸಿಟ್ಟಿಲ್ಲದ ಮಧ್ಯಸ್ಥ ಭಾವ. ಬೌದ್ಧರಲ್ಲೂ ಹೆಚ್ಚುಕಡಿಮೆ ಇವೇ ನಾಲ್ಕು: ಮೈತ್ರಿ, ಕರುಣೆ, ಮುದಿತೆ, ಉಪೇಕ್ಷೆ. ನಮ್ಮ ಮನೆಗಳಲ್ಲಿ ಮೈತ್ರಿ, ಕರುಣಾ, ಪ್ರಮೋದ ಎಂಬ ಮಕ್ಕಳು ಎಷ್ಟು ಜನ ಇಲ್ಲ! ಇಟ್ಟವರು ಆ ಗ್ರಂಥ ನೋಡಿ ಇಟ್ಟರೆಂದು ನಾನು ಹೇಳುವುದಿಲ್ಲ. ಆದರೆ ಪ್ರಮೋದ ಎಂದರೆ ಬರಿಯ ಸಂತೋಷವಲ್ಲ, ಇನ್ನೊಬ್ಬರ ಹಿರಿಮೆ ಕಂಡು ಹೊಟ್ಟೆಕಿಚ್ಚಿಲ್ಲದೆ ಪಡುವ ಸಂತೋಷ ಎಂದು ಆ ಮಗುವಿಗೆ ತಿಳಿಸಿ ಹೇಳಬಹುದಲ್ಲ.

ಬೌದ್ಧ ಹೆಸರುಗಳ ಮಾತು ಬಂದಾಗ ನನಗೆ ಒಂದು ಮಸ್ಟರ್ ರೋಲ್ ನೆನಪಾಗುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದ ಕಾಲ. ಮೋರಿ ಕೆಲಸಕ್ಕೆ ಬರುತ್ತಿದ್ದ ಒಬ್ಬ ಹಿರಿಯರನ್ನು ಮೇಸ್ತ್ರಿ 'ಕರಿಯ' ಎಂದು ಕೂಗುತ್ತಿದ್ದ. ನಾನೂ ಹಾಗೇ ಬರೆದುಕೊಂಡೆ. ಅವರಿಗೆ ನನ್ನ ತಂದೆಯ ವಯಸ್ಸು. ಕೆಲವು ದಿನಗಳ ಮೇಲೆ ಅವರ ಮಗ ಕೆಲಸಕ್ಕೆ ಬಂದ. ಹೆಸರು ಕೇಳಿದರೆ "ಗೌತಮ" ಎಂದ. ಮೇಸ್ತ್ರಿ ನಕ್ಕುಬಿಟ್ಟ. ಹುಡುಗ ನಗಲಿಲ್ಲ. "ಸಾರ್, ಪೂರ್ತಿ ಬರೆಯಿರಿ" ಎಂದ.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬ ಅಂಬೇಡ್ಕರರು ಬೌದ್ಧಧರ್ಮ ಸ್ವೀಕರಿಸಿದರು. ಅವರನ್ನು ನೆಚ್ಚಿದ ಮನೆಗಳಲ್ಲಿ ಗೌತಮ, ಸಿದ್ಧಾರ್ಥ, ರಾಹುಲ, ಸುಜಾತಾ, ಪ್ರಜ್ಞಾ ಎಂಬ ಹೆಸರುಗಳು ಬಂದವು. ಸಿದ್ಧಾರ್ಥ ಎಂದರೆ ಗುರಿ ಕೈಗೂಡಿದವನು. ಪ್ರಜ್ಞಾ ಎಂದರೆ ಅರಿವು. ಊರು ಕೊಟ್ಟ ಹೀನ ಹೆಸರನ್ನು ಕಳಚಿ, ತಾವೇ ಆರಿಸಿದ ಹೆಸರನ್ನು ತೊಟ್ಟರು. ನಮ್ಮ ಶರಣರು ಇದೇ ಅವಮಾನವನ್ನು ಇನ್ನೊಂದು ದಾರಿಯಿಂದ ಎದುರಿಸಿದ್ದರು. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಅಂಬಿಗರ ಚೌಡಯ್ಯ ಎಂದು ಕಾಯಕದ ಗುರುತನ್ನು ಬಿಡದೆ, ಅದಕ್ಕೆ 'ಅಯ್ಯ' ಸೇರಿಸಿ ಎತ್ತರಿಸಿದರು. ಒಬ್ಬರು ಹೆಸರು ಬದಲಿಸಿದರು, ಇನ್ನೊಬ್ಬರು ಹೆಸರಿನ ಬೆಲೆ ಬದಲಿಸಿದರು.

ಆ ದಿನ ಹುಡುಗನ ಹೆಸರನ್ನು ಪೂರ್ತಿ ಬರೆದೆ. ಆದರೆ ತಂದೆಯ ಹೆಸರನ್ನು ಅವರನ್ನೇ ಕೇಳಿ ತಿದ್ದಬೇಕೆಂದು ನನಗೆ ಹೊಳೆಯಲಿಲ್ಲ. ಕೊರಳಲ್ಲಿ ಲಿಂಗ ಕಟ್ಟಿಕೊಂಡವನು ನಾನು. ಕಕ್ಕಯ್ಯನವರಿಗೆ ಸಲ್ಲಿಸುವ ಆ 'ಅಯ್ಯ'ವನ್ನು ಎದುರಿಗೆ ಕಲ್ಲು ಹೊರುತ್ತಿದ್ದ ಹಿರಿಯರಿಗೆ ಸಲ್ಲಿಸಲಿಲ್ಲ. ಇದು ನನ್ನ ಮನಸ್ಸಿನಲ್ಲಿ ಇಂದಿಗೂ ಉಳಿದಿದೆ.

ನಮಗೂ ಜೈನರಿಗೂ ಕಾದಾಟ ನಡೆದದ್ದುಂಟು. ಹಾವೇರಿ ಸೀಮೆಯ ಅಬ್ಬಲೂರಿನ ಶಾಸನದಲ್ಲಿ ಏಕಾಂತದ ರಾಮಯ್ಯನವರ ಪ್ರಸಂಗವಿದೆ. ಅದನ್ನು ಮುಚ್ಚಿಡುವುದು ಬೇಡ. ಆದರೆ ಆ ಜಗಳವನ್ನು ತೊಟ್ಟಿಲವರೆಗೆ ತರುವುದೂ ಬೇಡ.

ಭಾವನವರು ಎರಡು ದಿನ ಸುಮ್ಮನಿದ್ದರು. ಹೆಸರಿಡುವ ದಿನ ತೊಟ್ಟಿಲ ಬಳಿ ಬಗ್ಗಿ, ಮಗುವಿನ ಕಿವಿಯಲ್ಲಿ 'ಸನ್ಮತಿ' ಎಂದು ಮೊದಲು ಕರೆದವರು ಅವರೇ. ಈಗ ನಮ್ಮ ಮನೆಯಲ್ಲಿ ಆ ಹೆಸರನ್ನು ಯಾರೂ ಮೊಟಕು ಮಾಡಿ ಕರೆಯುವುದಿಲ್ಲ.