ತಂದೆಯ ಹೆಸರು: NA

ಎಸ್‌ಎಸ್‌ಎಲ್‌ಸಿ ಫಲಿತಾಂಶದ ಗಲಾಟೆಯೆಲ್ಲ ಮುಗಿದು ಕೆಲವು ವಾರ ಆದ ಮೇಲೆ ಒಬ್ಬ ತಾಯಿ ನಮ್ಮ ಆಫೀಸಿಗೆ ಫೋನ್ ಮಾಡಿದ್ರು. ಮಗ ಫಸ್ಟ್ ಕ್ಲಾಸಲ್ಲಿ ಪಾಸಾಗಿದ್ದಾನೆ. ಮಾರ್ಕ್ಸ್ ಬಗ್ಗೆ ತಕರಾರಿಲ್ಲ. "ಸರ್, ಮಾರ್ಕ್ಸ್ ಕಾರ್ಡಲ್ಲಿ ಅವನ ಅಪ್ಪನ ಹೆಸರು NA ಅಂತ ಬಂದಿದೆ. ಕಾಲೇಜಲ್ಲಿ ಹುಡುಗರು ಅದನ್ನೇ ಹೆಸರು ಮಾಡಿಕೊಂಡು ಕರೀತಿದ್ದಾರೆ. ಅವನು ಕಾಲೇಜಿಗೆ ಹೋಗಲ್ಲ ಅಂತಿದ್ದಾನೆ" ಅಂದ್ರು.

ಆ ತಾಯಿಗೆ ಮದುವೆ ಆಗಿಲ್ಲ. ಒಂಟಿಯಾಗಿ ಮಗನನ್ನು ಬೆಳೆಸಿದ್ದಾರೆ. ಜನನ ಪ್ರಮಾಣಪತ್ರದಲ್ಲಿ ತಂದೆಯ ಹೆಸರಿನ ಜಾಗ ಖಾಲಿ ಇದೆ. ಹಾಗಾದ್ರೆ ಈ NA ಎಲ್ಲಿಂದ ಬಂತು?

ನಾನು ಓದಿದ್ದು ಎಂಜಿನಿಯರಿಂಗು, ಹಾಗಾಗಿ ನನಗೆ ಮೊದಲು ಹೊಳೆದದ್ದು ಕಂಪ್ಯೂಟರಿನ ಕಡೆ. ಆನ್‌ಲೈನ್ ಫಾರಂಗಳಲ್ಲಿ ಕೆಲವು ಜಾಗಗಳ ಪಕ್ಕ ಕೆಂಪು ನಕ್ಷತ್ರ ಇರುತ್ತೆ, ನೀವೂ ನೋಡಿರ್ತೀರಿ. ಅದನ್ನು ತುಂಬದೆ ಮುಂದಿನ ಪುಟಕ್ಕೆ ಹೋಗೋಕೆ ಬಿಡಲ್ಲ. ಆ ಹುಡುಗನನ್ನು ಒಂದನೇ ಕ್ಲಾಸಿಗೆ ಸೇರಿಸಿದಾಗ ಶಾಲೆಯ ಕ್ಲರ್ಕ್ ಎದುರಿಗೂ ಅದೇ ನಕ್ಷತ್ರ ಇತ್ತಂತೆ. ಹಿಂದೆ ಕ್ಯೂ ಇದೆ, ಕಂಪ್ಯೂಟರ್ ಮುಂದೆ ಹೋಗ್ತಿಲ್ಲ. ಅವರು ಎರಡಕ್ಷರ ಒತ್ತಿದರು. ಅವರ ಪ್ರಕಾರ ಅದರ ಅರ್ಥ 'ಅನ್ವಯಿಸುವುದಿಲ್ಲ'. ಆದರೆ ಕಂಪ್ಯೂಟರಿಗೆ ಅದು ಅರ್ಥ ಆಗಲ್ಲ. ಅದಕ್ಕೆ ಖಾಲಿ ಜಾಗ ಬೇರೆ, NA ಬೇರೆ. ಖಾಲಿ ಅಂದ್ರೆ ಮಾಹಿತಿ ಇಲ್ಲ. NA ಅಂದ್ರೆ, ರಮೇಶ ಸುರೇಶ ಇದ್ದ ಹಾಗೆ, ಒಂದು ಹೆಸರು. ಚುಕ್ಕಿ, ಅಡ್ಡಗೆರೆ, ಮೂರು X, ಏನೇ ಹಾಕಿದರೂ ಇದೇ ಕಥೆ.

ಆ ಹೆಸರು ಅಲ್ಲೇ ಕೂರಲ್ಲ, ಅದೇ ತೊಂದರೆ. ದಾಖಲಾತಿ ರಿಜಿಸ್ಟರಿನಿಂದ ಅದು ಎಸ್‌ಎಟಿಎಸ್‌ಗೆ, ಅಂದ್ರೆ ನಮ್ಮ ಶಿಕ್ಷಣ ಇಲಾಖೆಯ ವಿದ್ಯಾರ್ಥಿ ದಾಖಲೆಗೆ ಹೋಗುತ್ತೆ. ಹತ್ತನೇ ಕ್ಲಾಸಲ್ಲಿ ಪರೀಕ್ಷಾ ಮಂಡಳಿಗೆ ಹೋಗೋ ನಾಮಿನಲ್ ರೋಲ್‌ಗೆ ಮಾಹಿತಿ ಬರೋದು ಈ ದಾಖಲೆಯಿಂದಲೇ. ಅಲ್ಲಿಂದ ಹಾಲ್ ಟಿಕೆಟ್, ಆಮೇಲೆ ಮಾರ್ಕ್ಸ್ ಕಾರ್ಡ್. ಒಂದನೇ ಕ್ಲಾಸಲ್ಲಿ ಅವಸರದಲ್ಲಿ ಒತ್ತಿದ ಎರಡಕ್ಷರ ಹತ್ತು ವರ್ಷ ಆದ ಮೇಲೆ ದಪ್ಪ ಕಾಗದದ ಮೇಲೆ ಪ್ರಿಂಟಾಗಿ ಕೈಗೆ ಬಂತು. ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕೋಕೆ ಹೋದರೆ ಒಬ್ಬರು ಕೇಳಿದರಂತೆ, "ಈ NA ಯಾರು? ತೀರಿಕೊಂಡಿದ್ರೆ ಮರಣ ಪ್ರಮಾಣಪತ್ರ ತನ್ನಿ." ನಗಬೇಕೋ ಅಳಬೇಕೋ ಹೇಳಿ.

ಹಾಗಾದ್ರೆ ಏನು ಬರೀಬೇಕು? ಮನೆ ಮನೆಯ ಪರಿಸ್ಥಿತಿ ಬೇರೆ, ಉತ್ತರವೂ ಬೇರೆ.

ತಂದೆ ತೀರಿಕೊಂಡಿದ್ದರೆ ಅವರ ಹೆಸರನ್ನೇ ಬರೀರಿ, ಜನನ ಪ್ರಮಾಣಪತ್ರದಲ್ಲಿ ಇರೋ ಹಾಗೆ, ಅಕ್ಷರಕ್ಕಕ್ಷರ. ಮುಂದೆ 'ಲೇಟ್' ಅಂತಾಗಲಿ 'ದಿವಂಗತ' ಅಂತಾಗಲಿ ಸೇರಿಸಬೇಡಿ. ನಾವು ಗೌರವಕ್ಕೆ ಸೇರಿಸ್ತೀವಿ, ಸರಿ. ಆದರೆ ಕಂಪ್ಯೂಟರ್ ಅದನ್ನೂ ಹೆಸರಿನ ಭಾಗ ಅಂದುಕೊಳ್ಳುತ್ತೆ. ಒಂದು ದಾಖಲೆಯಲ್ಲಿ 'ಲೇಟ್' ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಎರಡೂ ಹೊಂದಲ್ಲ, ಮತ್ತೆ ಅಲೆದಾಟ.

ವಿಚ್ಛೇದನ ಆಗಿದೆ, ಅಥವಾ ಗಂಡ ಬಿಟ್ಟುಹೋಗಿದ್ದಾನೆ. "ಆ ಮನುಷ್ಯನ ಹೆಸರು ನನ್ನ ಮಗಳ ಕಾಗದದಲ್ಲಿ ಯಾಕಿರಬೇಕು?" ಅಂತ ಕೇಳೋ ಅಮ್ಮಂದಿರ ಸಿಟ್ಟು ನನಗೆ ಅರ್ಥ ಆಗುತ್ತೆ. ಆದರೆ ವಿಚ್ಛೇದನದಿಂದ ಮುರಿಯೋದು ಗಂಡ ಹೆಂಡತಿ ಸಂಬಂಧ. ಜನನ ಪ್ರಮಾಣಪತ್ರದಲ್ಲಿ ಹೆಸರು ಇದ್ದರೆ ಅದನ್ನೇ ಬರೆಯೋದು ಸದ್ಯಕ್ಕೆ ತೊಂದರೆ ಇಲ್ಲದ ದಾರಿ. ಎರಡನೇ ಮದುವೆ ಆಗಿದ್ದರೆ ಹೊಸ ಗಂಡನ ಹೆಸರನ್ನು ಪ್ರೀತಿಯಿಂದ ಹಾಗೇ ಬರೆದುಬಿಡಬೇಡಿ, ಕಾನೂನಿನ ಪ್ರಕಾರ ದತ್ತು ಆಗಿರಬೇಕು.

ಹೆಸರು ಬೇರೆ, ಸಹಿ ಬೇರೆ. ಇದನ್ನು ಬಹಳ ಶಾಲೆಗಳು ಕಲಸಿಬಿಡ್ತವೆ. "ತಂದೆ ಬಂದು ಸೈನ್ ಮಾಡ್ಲಿ" ಅಂತಾರೆ. ಒಬ್ಬ ತಾಯಿ ಮಗನ ಹೆಸರಲ್ಲಿ ರಿಸರ್ವ್ ಬ್ಯಾಂಕಿನ ಬಾಂಡ್ ಕೊಳ್ಳೋಕೆ ಅರ್ಜಿ ಹಾಕಿದಾಗ ಅವರ ಸಹಿ ನಡೆಯಲ್ಲ ಅಂದಿದ್ದರು. ಆ ತಾಯಿ ಲೇಖಕಿ ಗೀತಾ ಹರಿಹರನ್. 1999ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಮಗುವಿನ ಜವಾಬ್ದಾರಿಯನ್ನು ತಂದೆ ನೋಡಿಕೊಳ್ಳದೆ ಇದ್ದಾಗ, ಅವನು ಬದುಕಿದ್ದರೂ ಸರಿ, ತಾಯಿ ಸಹಜ ಪೋಷಕಿಯಾಗಿ ನಡೆದುಕೊಳ್ಳಬಹುದು. ಹಾಗಾಗಿ ಪೋಷಕರ ಜಾಗದಲ್ಲಿ ನಿಮ್ಮ ಹೆಸರು ಬರೆದು ನೀವೇ ಸಹಿ ಹಾಕಿ.

ಇನ್ನು ನಮಗೆ ಫೋನ್ ಮಾಡಿದ ಆ ತಾಯಿಯ ವಿಷಯ. ಇಲ್ಲಿ ಬರೆಯೋಕೆ ತಂದೆಯ ಹೆಸರೇ ಇಲ್ಲ. 2015ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಇಂಥದೇ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಆ ತೀರ್ಪಿನಲ್ಲಿ ತಾಯಿಯ ಹೆಸರೂ ಇಲ್ಲ, 'ಎಬಿಸಿ' ಅಂತಷ್ಟೇ ಇದೆ. ಮದುವೆಯಾಗದ ತಾಯಿ ಅಫಿಡವಿಟ್ ಕೊಟ್ಟರೆ ಸಾಕು, ಜನನ ಪ್ರಮಾಣಪತ್ರ ಕೊಡಬೇಕು, ತಂದೆಯ ಹೆಸರು ಹೇಳು ಅಂತ ಬಲವಂತ ಮಾಡುವಂತಿಲ್ಲ ಅಂತ ಕೋರ್ಟ್ ಹೇಳಿತು. ಶಾಲೆಯಲ್ಲೂ ಇದರ ಆಧಾರದ ಮೇಲೆ ಕೇಳಬೇಕು. ಜನನ ಪ್ರಮಾಣಪತ್ರ, ಅಫಿಡವಿಟ್, ಈ ತೀರ್ಪಿನ ಪ್ರತಿ ಜೊತೆಗಿಟ್ಟು ಮುಖ್ಯ ಶಿಕ್ಷಕರಿಗೆ ಲಿಖಿತ ಅರ್ಜಿ ಕೊಡಿ, ಕೊಟ್ಟಿದ್ದಕ್ಕೆ ಸ್ವೀಕೃತಿ ತಗೊಳ್ಳಿ. ಕಂಪ್ಯೂಟರ್ ಬಿಡ್ತಿಲ್ಲ ಅಂದರೆ ಅದು ಮೇಲಿನವರಿಗೆ ಬರೆದು ಸರಿಮಾಡಿಸಬೇಕಾದ ವಿಷಯ. ಅದಕ್ಕೋಸ್ಕರ ನೀವು ಸುಳ್ಳು ಹೆಸರು ಕೊಡಬೇಡಿ. ಅಜ್ಜನ ಹೆಸರನ್ನೋ ಸೋದರಮಾವನ ಹೆಸರನ್ನೋ ತಂದೆಯ ಜಾಗದಲ್ಲಿ ಬರೆಸಿದವರಿದ್ದಾರೆ. ಆ ಕ್ಷಣಕ್ಕೆ ಸಲೀಸು, ಆದರೆ ದಾಖಲೆಯಲ್ಲಿ ಅದು ಸುಳ್ಳು ಹೇಳಿಕೆ. ಮುಂದೆ ಅದನ್ನು ಬಿಡಿಸೋದು NA ತೆಗೆಸೋದಕ್ಕಿಂತ ಕಷ್ಟ.

ಇದನ್ನು ಸರಿಮಾಡೋದು ಅಂಥ ದೊಡ್ಡ ತಾಂತ್ರಿಕ ಕೆಲಸವೇನಲ್ಲ ಸ್ವಾಮಿ. ಪಾಸ್‌ಪೋರ್ಟಿನವರು 2016ರ ಡಿಸೆಂಬರಿನಲ್ಲೇ ಮಾಡಿದರು: ತಂದೆ, ತಾಯಿ ಅಥವಾ ಪೋಷಕರು, ಯಾರಾದರೂ ಒಬ್ಬರ ಹೆಸರು ಸಾಕು. ತಾಯಿ ಒಬ್ಬರೇ ಇದ್ದರೆ ಪ್ಯಾನ್ ಕಾರ್ಡ್ ಅರ್ಜಿಯಲ್ಲಿ ತಂದೆಯ ಹೆಸರು ಕಡ್ಡಾಯ ಅಲ್ಲ ಅನ್ನೋ ನಿಯಮ 2018ರ ಡಿಸೆಂಬರ್ 5ರಿಂದ ಜಾರಿಯಲ್ಲಿದೆ. ದೇಶ ದಾಟೋಕೆ, ತೆರಿಗೆ ಕಟ್ಟೋಕೆ ಒಬ್ಬರ ಹೆಸರು ಸಾಕಾಗುತ್ತೆ. ಒಂದನೇ ಕ್ಲಾಸಿಗೆ ಯಾಕೆ ಸಾಕಾಗಲ್ಲ? ಉಪನಿಷತ್ತಿನ ಸತ್ಯಕಾಮನನ್ನು ಗುರು ಗೋತ್ರ ಕೇಳಿದಾಗ ಅವನು ಹೇಳಿದ್ದು ತಾಯಿ ಜಬಾಲೆಯ ಹೆಸರನ್ನ. ಗೌತಮ ಋಷಿ ಸೇರಿಸಿಕೊಂಡರು. ಅವರ ಹತ್ರ ಕೆಂಪು ನಕ್ಷತ್ರ ಇರಲಿಲ್ಲ, ಅಷ್ಟೇ.

ಪ್ರಿಂಟಾಗಿಬಿಟ್ಟ ಮಾರ್ಕ್ಸ್ ಕಾರ್ಡಿಗೆ ದಾರಿ ಏನು? ಓದಿದ ಶಾಲೆಯಿಂದಲೇ ಶುರುಮಾಡಬೇಕು. ಮುಖ್ಯ ಶಿಕ್ಷಕರ ಮೂಲಕ, ದಾಖಲಾತಿ ರಿಜಿಸ್ಟರಿನ ನಕಲು ಇಟ್ಟು ಮಂಡಳಿಗೆ ತಿದ್ದುಪಡಿ ಅರ್ಜಿ. ಸಿಬಿಎಸ್‌ಇಗೆ ಸಂಬಂಧಿಸಿದ ಪ್ರಕರಣದಲ್ಲಿ 2021ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್, ದಾಖಲೆ ಸರಿಯಿದ್ದರೆ ತಿದ್ದುಪಡಿ ಕೋರಿಕೆಯನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ ಅಂತ ಹೇಳಿದೆ. ಇನ್ನೂ ಹತ್ತನೇ ಕ್ಲಾಸಿಗೆ ಬರದ ಮಕ್ಕಳಿದ್ದರೆ ಈಗಲೇ ಶಾಲೆಗೆ ಹೋಗಿ ಎಸ್‌ಎಟಿಎಸ್‌ನಲ್ಲಿ ಏನಿದೆ ಅಂತ ನೋಡಿ. ಪ್ರಿಂಟಾಗೋ ಮುಂಚೆ ತಿದ್ದೋದು ಎಷ್ಟೋ ಸುಲಭ.

ಆ ತಾಯಿ ಹೋದ ವಾರ ಮತ್ತೆ ಫೋನ್ ಮಾಡಿದ್ರು. ಹೆಡ್ ಮಾಸ್ಟರು ಅರ್ಜಿ ತಗೊಂಡಿದ್ದಾರೆ, ಕಾರ್ಡ್ ಇನ್ನೂ ಬಂದಿಲ್ಲ. ಹುಡುಗ ಕಾಲೇಜಿಗೆ ಹೋಗ್ತಿದ್ದಾನೆ. ಅರ್ಜಿ ಬರೆಯುವಾಗ ಕ್ಲರ್ಕ್ ಕೇಳಿದರಂತೆ, "NA ತೆಗೆದು ಅಲ್ಲಿ ಏನಂತ ಹಾಕ್ಲಿ ಅಮ್ಮಾ?" "ಏನೂ ಹಾಕಬೇಡಿ ಸರ್, ತಾಯಿ ಹೆಸರಿನ ಸ್ಪೆಲ್ಲಿಂಗ್ ಒಂದು ಸರಿ ಇದೆಯಾ ನೋಡಿ" ಅಂದ್ರಂತೆ.