ದರದ ಪಟ್ಟಿ ಕಾಪಿ ಮಾಡುವಾಗ



ನಮ್ಮ ವಿಜಾಪುರ ರಸ್ತೆಯ ರೈತರು ಉಳ್ಳಾಗಡ್ಡಿ ಒಯ್ಯುವುದು ಸೊಲ್ಲಾಪುರ ಬಾಜಾರಕ್ಕೆ. ಅಲ್ಲಿಯ ದರ ಕಂಪ್ಯೂಟರಿನಲ್ಲಿ ಮರಾಠಿ ಪಟ್ಟಿಯಾಗಿ ಬರುತ್ತದೆ. ಆವಕ, ಕಡಿಮೆ ದರ, ಹೆಚ್ಚಿನ ದರ, ಸಾಮಾನ್ಯ ದರ ಅಂತ ಒಂದೊಂದಕ್ಕೂ ಒಂದು ಮನೆ ಇರುತ್ತದೆ.

ಇದನ್ನು ಕಾಪಿ ಮಾಡಿ ಬೇರೆ ಕಡೆ ಹಾಕಿದರೆ ಒಮ್ಮೊಮ್ಮೆ ಹೀಗೆ ಆಗುತ್ತದೆ. ಮಾದರಿಗೆ ನೋಡಿರಿ:

900020024001100

ಇದರಲ್ಲಿ ದರ ಯಾವುದು? ಆವಕ 9000 ಕ್ವಿಂಟಲ್. ದರ 200ರಿಂದ 2400. ಸಾಮಾನ್ಯ ದರ 1100. ತಪ್ಪಿ 2400 ಅಂತ ಓದಿ ಗಾಡಿ ತುಂಬಿದವನ ಗತಿ ಏನು?

ಎರಡು ಮನೆಗಳ ನಡುವೆ ಕಣ್ಣಿಗೆ ಕಾಣದ ಗುರುತು ಇರುತ್ತದೆ. ಅದಕ್ಕೆ ಟ್ಯಾಬ್ ಅಂತಾರೆ. ಅದು ಅಳಿಸಿದರೆ ಅಂಕಿಗಳು ಅಂಟಿಕೊಳ್ಳುತ್ತವೆ. ಎಕ್ಸೆಲ್ ಹಾಳೆಗೆ ಈ ಗುರುತು ತಿಳಿಯುತ್ತದೆ.

ಪಟ್ಟಿಯ ತಲೆಸಾಲಿನಿಂದ ಕೊನೆಯ ಅಂಕಿಯವರೆಗೆ ಮೌಸ್ ಎಳೆದು Ctrl+C ಒತ್ತಿರಿ. ಎಕ್ಸೆಲ್‌ನ ಖಾಲಿ ಹಾಳೆಯಲ್ಲಿ ಮೊದಲ ಮನೆಯ ಮೇಲೆ ಒಂದೇ ಸಲ ಕ್ಲಿಕ್ ಮಾಡಿ Ctrl+V ಒತ್ತಿರಿ. ಎರಡು ಸಲ ಕ್ಲಿಕ್ ಮಾಡಬ್ಯಾಡ್ರಿ. ಆಗ ಮನೆಯೊಳಗೆ ಗೆರೆ ಮಿಣುಕುತ್ತದೆ, ಪೂರಾ ಪಟ್ಟಿ ಅದೊಂದೇ ಮನೆಯಲ್ಲಿ ತುಂಬಿಕೊಳ್ಳುತ್ತದೆ. ಹಾಗಾದರೆ Esc ಒತ್ತಿ ಮತ್ತೆ ಹಾಕಿರಿ.

ಆಮೇಲೆ ಒಂದು ಸಾಲು ತಾಳೆ ನೋಡಿರಿ. ಸಾಮಾನ್ಯ ದರವು ಕಡಿಮೆ ದರಕ್ಕಿಂತ ಕೆಳಗೆ ಇದ್ದರೆ ಅಥವಾ ಹೆಚ್ಚಿನ ದರವನ್ನು ದಾಟಿದ್ದರೆ ಯಾವುದೋ ಮನೆ ಜಾರಿದೆ ಅಂತ ತಿಳಿಯಿರಿ.